ಹೆಗಲ ಮೇಲಿನ ಟವೆಲ್

ಮೂವತ್ತೆರಡು ವರ್ಷ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಔಷಧಿ ಅಳೆಯುವುದರಲ್ಲಿ ಒಂದು ಹನಿ ಹೆಚ್ಚುಕಮ್ಮಿ ಮಾಡಿದವನಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಬೇರೆ ಯಾರೂ ಹೇಳದಿದ್ದರೆ ನಾನೇ ಹೇಳುತ್ತಿದ್ದೆ. ಈಗ ಆ ಮಾತು ನೆನಪಾದರೆ ಎಲ್ಲಾದರೂ ಮುಖ ಮುಚ್ಚಿಕೊಂಡು ಕೂರೋಣ ಅನ್ನಿಸುತ್ತದೆ.

ನಿವೃತ್ತನಾದದ್ದು ಚಿಕ್ಕಬಳ್ಳಾಪುರ ಜಿಲ್ಲೆಯಾದ ವರ್ಷ. ಜಿಲ್ಲೆಯಾಯಿತು ಅಂದರೆ ಆಫೀಸುಗಳು ಬಂದವು, ಆಫೀಸುಗಳ ಹಿಂದೆ ಆಫೀಸರುಗಳು, ಅವರ ಹಿಂದೆ ಅವರ ನಾಯಿಗಳು. ಬಡಾವಣೆಯಲ್ಲಿ ಬಾಡಿಗೆಗೆ ಮನೆ ಹಿಡಿದ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಹೊರಟರೆ ಒಳಗೆ ನಾಯಿ ಸಂಜೆವರೆಗೂ ಅಳುತ್ತಿತ್ತು. ಮನೆಯಲ್ಲಿ ಸುಮ್ಮನೆ ಕೂತು ಎಲ್ಲರ ಮೇಲೂ ರೇಗುತ್ತಿದ್ದ ನನಗೆ ದಾರಿ ತೋರಿಸಿದವಳು ಮಗಳು ಹರಿತಾ. ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು.

"ಅಪ್ಪ, ನಾಯಿಗೆ ಕೂದಲು ಕತ್ತರ್ಸೋರು, ರಜಕ್ಕೆ ಹೋದಾಗ ಇಟ್ಕೊಳ್ಳೋರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದಾರೆ. ನೀನು ಬೇರೆದು ಮಾಡು. ಮನೆಗೇ ಹೋಗಿ ಮಾಡು," ಅಂದಳು.

ಬೇರೆದು ಅಂದರೆ ಏನು ಎಂದು ಅವಳೇ ಒಂದು ಕಾರ್ಡು ಅಚ್ಚು ಹಾಕಿಸಿದಳು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಾಯಿಗೆ ನುಂಗಿಸುವುದು. ಮನೆಯವರು ತಿರುಪತಿಗೆ ಹೋದರೆ ಅವರ ಮನೆಗೇ ಹೋಗಿ ಬೆಕ್ಕಿಗೆ ಊಟ ಇಟ್ಟು ಬರುವುದು. ಮೀನಿನ ತೊಟ್ಟಿಯ ನೀರು ಬದಲಿಸುವುದು. ನಡೆಯಲಾಗದ ಮುದಿ ನಾಯಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು ವಾಪಸು ತರುವುದು. ಲಸಿಕೆಯ ತಾರೀಖು ನೆನಪಿಸುವುದು. ಇಂಜೆಕ್ಷನ್ ಮಾತ್ರ ನಾನು ಮುಟ್ಟುತ್ತಿರಲಿಲ್ಲ, ಅದು ಡಾಕ್ಟರ ಕೆಲಸ. ಕಹಿ ಮಾತ್ರೆಯನ್ನು ರಾಗಿಮುದ್ದೆಯ ತುಣುಕಿನೊಳಗೆ ಅಡಗಿಸಿ, ಮೊದಲು ಎರಡು ಖಾಲಿ ತುಣುಕು ಕೊಟ್ಟು ನಂಬಿಸಿ, ಮೂರನೆಯದರಲ್ಲಿ ಮಾತ್ರೆ ದಾಟಿಸುವುದನ್ನು ನೋಡಿ ದೊಡ್ಡ ದೊಡ್ಡ ಆಫೀಸರುಗಳೇ ಬೆರಗಾಗುತ್ತಿದ್ದರು.

ಹೆಚ್ಚು ಕರೆ ಬರುತ್ತಿದ್ದದ್ದು ಉಣ್ಣಿಗೆ. ನಾಯಿಯ ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಆ ಹುಳುವನ್ನು ಎಷ್ಟು ಕಿತ್ತರೂ ಮತ್ತೆ ಬರುತ್ತದೆ ಎಂದು ಜನ ಗೋಳಾಡುತ್ತಾರೆ. ಬರದೆ ಏನು ಮಾಡುತ್ತದೆ? ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ, ಉಳಿದ ಸಂಸಾರವೆಲ್ಲ ಗೋಡೆಯ ಬಿರುಕಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ನಾಯಿ ಮಲಗುವ ಗೋಣಿಯ ಮಡಿಕೆಯಲ್ಲಿ ಇರುತ್ತದೆ. ಅದಕ್ಕೇ ನಾನು ನಾಯಿಯ ಜೊತೆ ಮನೆಗೂ ಔಷಧಿ ಹೊಡೆಯುತ್ತಿದ್ದೆ. ಡಾಕ್ಟರು ಹೇಳಿದ ಅಳತೆಗೆ, ಲೀಟರು ನೀರಿಗೆ ಎರಡು ಎಂ.ಎಲ್. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಮೈ ಒಣಗುವವರೆಗೆ ನಾಯಿ ನೆಕ್ಕಿಕೊಳ್ಳದ ಹಾಗೆ ನೋಡಿಕೊಳ್ಳುತ್ತಿದ್ದೆ.

ಕಾರ್ಡಿನ ಹಿಂದೆ ಹರಿತಾ ಎರಡು ಪ್ರಶ್ನೆ ಅಚ್ಚು ಹಾಕಿಸಿದ್ದಳು. ಮನೆಯಲ್ಲಿ ಬೆಕ್ಕಿದೆಯೇ? ಮೀನಿನ ತೊಟ್ಟಿಯಿದೆಯೇ? ಆ ಔಷಧಿ ಬೆಕ್ಕಿಗೆ ಆಗುವುದಿಲ್ಲ, ಮೀನಿಗಂತೂ ಒಂದು ಹನಿ ಸಾಕು. ನಾನು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. ತೊಟ್ಟಿ ಇದ್ದರೆ ಗಾಳಿಯ ಪಂಪು ಆರಿಸಿ, ಪ್ಲಾಸ್ಟಿಕ್ ಹೊದಿಸಿ, ಸುತ್ತ ಟೇಪು ಅಂಟಿಸಿದ ಮೇಲೇ ಕೆಲಸಕ್ಕೆ ಕೈ ಹಾಕುತ್ತಿದ್ದೆ. "ಎಷ್ಟು ಜೋಪಾನ ಮಾಡ್ತೀರಾ ವೇಣುಗೋಪಾಲ್ ಅವರೇ" ಎಂದು ಯಾರಾದರೂ ಅಂದರೆ ಎರಡು ದಿನ ಅದೇ ಗುಂಗಿನಲ್ಲಿರುತ್ತಿದ್ದೆ.

ಕೆಲಸದ ಟವೆಲ್ಲುಗಳಿಗೂ ಹರಿತಾ ಒಂದು ಕಟ್ಟಳೆ ಮಾಡಿದ್ದಳು. ಅವು ನೀಲಿ ಚೀಲದಲ್ಲೇ ಇರಬೇಕು, ಬೇರೆ ಬಕೆಟ್ಟಿನಲ್ಲೇ ಒಗೆಯಬೇಕು, ಹೆಗಲ ಮೇಲೆ ಹಾಕಿಕೊಳ್ಳುವ ಟವೆಲ್ಲಿನ ಜೊತೆ ಸೇರಬಾರದು. ಮಗಳ ಮಾತನ್ನು ಪೂರ್ತಿ ಒಂದು ವರ್ಷ ಪಾಲಿಸಿದೆ.

ಎರಡನೆಯ ವರ್ಷದ ಆಷಾಢ. ಕಾಲೇಜಿನ ಲೆಕ್ಚರರ್ ರಾಧಾಮಣಿ ಮೇಡಂ ಮನೆಯಲ್ಲಿ ಸೀಸರ್ ಎಂಬ ಲ್ಯಾಬ್ರಡಾರ್. ಹೆಸರಿಗೆ ತಕ್ಕ ಠೀವಿ ಏನೂ ಇಲ್ಲ, ಯಾರು ಬಂದರೂ ಮೈಮೇಲೆ ಬೀಳುವ ಪ್ರಾಣಿ. ಅವತ್ತು ಬೆಳಿಗ್ಗೆ ಅದಕ್ಕೂ ಮನೆಗೂ ಔಷಧಿ ಹೊಡೆದು ಮುಗಿಸುವಷ್ಟರಲ್ಲಿ ಸೀಸರ್ ನನ್ನ ಕೆಲಸದ ಟವೆಲ್ಲನ್ನು ಕಚ್ಚಿ ಎಳೆದು ಎರಡು ತುಂಡು ಮಾಡಿ ಚರಂಡಿಗೆ ಹಾಕಿತು. ಮೈಯೆಲ್ಲ ಒದ್ದೆ, ಸೋಫಾ ಹತ್ತಲು ಓಡುತ್ತಿದೆ, ಮೇಡಂ ಕೂಗುತ್ತಿದ್ದಾರೆ. ಹೆಗಲ ಮೇಲಿದ್ದ ಟವೆಲ್ಲನ್ನೇ ಎಳೆದು ಅದರ ಬೆನ್ನು ಹೊಟ್ಟೆ ಒತ್ತಿ ಒರೆಸಿದೆ. ಆಮೇಲೆ ಟವೆಲ್ಲನ್ನು ಕಾಂಪೌಂಡಿನ ಮೇಲೆ ಹರವಿದೆ. ಮೇಡಂ ಕೊಟ್ಟ ಕಾಫಿ ಕುಡಿಯುವುದರೊಳಗೆ ಗಾಳಿಗೆ ಒಣಗಿತು. ಅದನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡೆ. ಯೋಚನೆಯೇ ಮಾಡಲಿಲ್ಲ. ಹೆಗಲ ಮೇಲೆ ಟವೆಲ್ ಇಲ್ಲದೆ ಬೀದಿಗೆ ಇಳಿದ ಅಭ್ಯಾಸ ನನಗಿಲ್ಲ.

ಅಲ್ಲಿಂದ ನೇರ ಮೇಲೂರಿಗೆ ಬಸ್ಸು ಹತ್ತಿದೆ. ಅಲ್ಲಿ ನನ್ನ ತಂಗಿ ಮುನಿಲಕ್ಷ್ಮಿ ರೇಷ್ಮೆ ಹುಳು ಸಾಕುತ್ತಾಳೆ. ಅವಳ ಗಂಡ ಆವಲಪ್ಪ ಬೈಕಿನಿಂದ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಂಚ ಹಿಡಿದಿದ್ದ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಐದು ದಿನವಾಗಿತ್ತು. ಆ ಹೊತ್ತಿನಲ್ಲಿ ಹುಳು ತಿನ್ನುವ ಸೊಪ್ಪು ಅಷ್ಟಿಷ್ಟಲ್ಲ, ಹುಳು ಮನೆಯೊಳಗೆ ಕಾಲಿಟ್ಟರೆ ಸೊಪ್ಪು ಕತ್ತರಿಸುವ ಸದ್ದೇ ಕೇಳುತ್ತದೆ. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಐವತ್ತು ಮೊಟ್ಟೆಯ ಬೆಳೆ, ಐವತ್ತು ಚಿಟ್ಟೆಯ ಸಂತಾನ, ಇಪ್ಪತ್ತು ಸಾವಿರ ಹುಳು, ಒಬ್ಬಳೇ ಹೆಂಗಸು. "ಅಣ್ಣ, ನಾಲ್ಕು ದಿನ ಬಂದಿರು" ಎಂದು ಫೋನು ಮಾಡಿದ್ದಳು.

ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಬಿಟ್ಟರೂ ಕೈಕಾಲು ತೊಳೆದು, ಹೊಸ್ತಿಲ ಮುಂದಿನ ಸುಣ್ಣದ ಪುಡಿ ತುಳಿದು ಒಳಗೆ ಹೋಗಬೇಕು. ನಾನು ಸೋಪು ಹಚ್ಚಿ ಮೊಣಕೈವರೆಗೆ ಎರಡು ಸಲ ತೊಳೆದೆ. "ನೋಡು, ಹಿಂಗೆ ತೊಳೀಬೇಕು" ಎಂದು ಅವಳಿಗೇ ಪಾಠ ಹೇಳಿದೆ. ಬಟ್ಟೆಯನ್ನೂ ಬದಲಿಸಿ ಆವಲಪ್ಪನ ಪಂಚೆ, ಬನಿಯನ್ ಹಾಕಿಕೊಂಡೆ. ಟವೆಲ್ ಮಾತ್ರ ನನ್ನದೇ.

ಮಧ್ಯಾಹ್ನ ಹಿಪ್ಪುನೇರಳೆ ತೋಟದಿಂದ ನಾನು ಎರಡು ಬಿದಿರ ಮಂಕರಿ ತುಂಬ ಸೊಪ್ಪು ತಂದೆ, ಅವಳು ಎರಡು. ಗಾಳಿಗೆ ಸೊಪ್ಪು ಬಾಡಬಾರದೆಂದು ಮಂಕರಿಯ ಮೇಲೆ ಒದ್ದೆ ಗೋಣಿತಟ್ಟು ಹೊದಿಸುವುದು ಎಲ್ಲರ ಮನೆಯ ವಾಡಿಕೆ. ಇದ್ದ ಒಂದು ತಟ್ಟನ್ನು ಅವಳು ತನ್ನ ಮಂಕರಿಗೆ ಹೊದಿಸಿಕೊಂಡಿದ್ದಳು. ನಾನು ಟವೆಲ್ಲನ್ನು ಬಕೆಟ್ಟಿಗೆ ಅದ್ದಿ, ಹಿಂಡದೆ, ನೀರು ಸೋರುವ ಹಾಗೇ ನನ್ನ ಎರಡು ಮಂಕರಿಯ ಮೇಲೆ ಹರಡಿದೆ. ಒಂದು ಗಂಟೆ ಹಾಗೇ ಇತ್ತು. ಆಮೇಲೆ ಎಡಗಡೆಯ ಎರಡು ಸ್ಟ್ಯಾಂಡಿನ ತಟ್ಟೆಗಳಿಗೆ ನಾನು ಸೊಪ್ಪು ಹಾಕಿದೆ, ಬಲಗಡೆಯ ಎರಡಕ್ಕೆ ಅವಳು ಹಾಕಿದಳು.

ಸಂಜೆ ಐದಕ್ಕೆ ಮುನಿಲಕ್ಷ್ಮಿ ಕೂಗಿದ್ದು ಕೇಳಿ ಓಡಿದೆ. ಎಡಗಡೆ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿ ತಿರುಚಿಕೊಂಡು ಬಿದ್ದಿದ್ದವು. ಬೆರಳುದ್ದದ ಹುಳು ಕಣ್ಣೆದುರೇ ಸುರುಟಿಕೊಂಡು ಗಿಡ್ಡವಾಗುತ್ತಿತ್ತು. ಬಲಗಡೆ ತಟ್ಟೆಗಳಲ್ಲಿ ಮಾತ್ರ ಸೊಪ್ಪು ಕತ್ತರಿಸುವ ಸದ್ದು ಎಂದಿನಂತೆಯೇ ಬರುತ್ತಿತ್ತು.

ರೋಗ ಹೀಗೆ ಬರುವುದಿಲ್ಲ. ಇದು ಔಷಧಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಯಾವ ಔಷಧಿ ಎಂದು ಗೊತ್ತಾಗಲು ಇನ್ನೊಂದು ನಿಮಿಷ ಹಿಡಿಯಿತು. ಖಾಲಿ ಮಂಕರಿಯ ಮೇಲೆ ಬಿದ್ದಿದ್ದ ಟವೆಲ್ಲನ್ನು ಎತ್ತಿ ಮೂಗಿಗೆ ಹಿಡಿದೆ. ಸೀಮೆಎಣ್ಣೆಯಂಥ ಆ ವಾಸನೆ ಒಂಚೂರು ಉಳಿದಿತ್ತು. ತಂಗಿ ಹುಳು ಆರಿಸುತ್ತ ಅಳುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ಟವೆಲ್ಲನ್ನು ಮಡಚಿ ಮಡಚಿ ಸಣ್ಣದು ಮಾಡಿ ನನ್ನ ಚೀಲದ ತಳಕ್ಕೆ ತುರುಕಿದೆ.

ನಾನು ಮಾಡಿದ್ದು ತಪ್ಪು ಎಂದು ಅಲ್ಲೇ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ಒಳಗಿನ ಮಂಚದಿಂದ ಆವಲಪ್ಪ ಕಿರುಚಿದ.

"ಆ ಕೋನಪ್ಪ ಬೆಳಗ್ಗೆ ಟೊಮೆಟೊಗೆ ಔಷಧಿ ಹೊಡೀತಿದ್ದ ಕಣೇ! ಕಿಟಕೀಲಿ ನೋಡ್ದೆ ನಾನು. ಅವನದೇ ಕೆಲಸ!"

ಕೋನಪ್ಪನ ಹೊಲ ತಂಗಿಯ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡಂತೆ ಮೂಡಲಿಗಿದೆ. ಐವತ್ತು ದಾಟಿದ, ಮೆದು ಮಾತಿನ ಮನುಷ್ಯ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಗಾಬರಿಯಾದರೆ ಎರಡೂ ಬೆರೆಯುತ್ತವೆ. ಕೂಗು ಕೇಳಿ ಅವನೇ ಮೊದಲು ಓಡಿ ಬಂದ. ಹುಳು ಮನೆಯ ಹೊಸ್ತಿಲಾಚೆಯೇ ನಿಂತ.

"ಹೊಡ್ದಿದ್ದು ನಿಜ ಮುನಿಲಕ್ಷ್ಮಮ್ಮ. ಆದ್ರೆ ಗಾಳಿ ನೋಡ್ಕೊಂಡೇ ಹೊಡ್ದೆ. ಪಡುವಲಿಂದ ಬೀಸ್ತಿತ್ತು. ನಿಮ್ಮ ಕಡೆ ಹೆಂಗೆ ಬರುತ್ತೆ? ದೇವುಡಾಣೆ."

ಅವನು ಹೇಳಿದ್ದು ಸರಿ. ಆಷಾಢದ ಗಾಳಿ ಪಡುವಲಿನದು, ಔಷಧಿ ಹಾರಿದ್ದರೆ ಇನ್ನೂ ಮೂಡಲಿಗೆ ಹಾರಬೇಕು. ಅಲ್ಲದೆ ಅದೇ ತೋಟದ ಸೊಪ್ಪು ತಿಂದ ಬಲಗಡೆಯ ಹುಳು ಬದುಕಿತ್ತು. ಆದರೆ ಅಳುವವಳಿಗೆ ಎಡ ಬಲ ಯೋಚಿಸುವ ಪುರಸೊತ್ತೆಲ್ಲಿ? ಮುನಿಲಕ್ಷ್ಮಿ ನನ್ನ ಕಡೆ ತಿರುಗಿದಳು.

"ಅಣ್ಣ, ನೀನೇ ಹೇಳು. ನಿಂಗೆ ಔಷಧಿ ವಿಚಾರ ಗೊತ್ತು. ಇದು ಅದೇ ಅಲ್ವಾ?"

ಬಾಗಿಲಲ್ಲಿ ಅಷ್ಟೊತ್ತಿಗೆ ನಾಲ್ಕೈದು ಜನ ಸೇರಿದ್ದರು. ಎಲ್ಲರೂ ನನ್ನ ಬಾಯಿ ನೋಡಿದರು. ಆ ನೋಟಕ್ಕಾಗಿಯೇ ಅಲ್ಲವೇ ಮೂವತ್ತೆರಡು ವರ್ಷ ಬೀಗುತ್ತ ಬದುಕಿದ್ದು.

"ಔಷಧಿಯೇ," ಅಂದೆ. "ಗಾಳಿ ಯಾವಾಗ ಯಾವ ಕಡೆ ತಿರುಗುತ್ತೋ ಹೇಳೋಕಾಗಲ್ಲ."

ಎರಡು ಮಾತೂ ಸುಳ್ಳಲ್ಲ. ಎರಡನ್ನೂ ಸೇರಿಸಿ ಹೇಳಿದ್ದು ನನ್ನ ಆಯುಷ್ಯದ ದೊಡ್ಡ ಸುಳ್ಳು. ಕೋನಪ್ಪ ನನ್ನನ್ನೇ ನೋಡಿದ. ಹಿಂದೊಮ್ಮೆ ಅವನ ಹಸುವಿಗೆ ಕರು ಅಡ್ಡವಾದಾಗ ಡಾಕ್ಟರ ಜೊತೆ ನಿಂತು ಕರು ಎಳೆದುಕೊಟ್ಟವನು ನಾನು. ನನ್ನ ಮಾತಿಗೆ ಅವನು ಎದುರಾಡಿದವನೇ ಅಲ್ಲ. ತಲೆ ತಗ್ಗಿಸಿಕೊಂಡು ಹೋದ. ಹಿಂದಿನಿಂದ ಆವಲಪ್ಪನ ಬೈಗುಳ ಅವನ ಮನೆಯ ಬಾಗಿಲವರೆಗೂ ಕೇಳಿಸಿರಬೇಕು.

ಅರ್ಧ ಬೆಳೆ ಹೋಯಿತು. ಸತ್ತ ಹುಳುಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆ. "ನೀನಿದ್ದಿದ್ದಕ್ಕೆ ಇಷ್ಟಾದ್ರೂ ಉಳೀತು ಅಣ್ಣ," ಎಂದು ತಂಗಿ ಕಣ್ಣೊರೆಸಿಕೊಂಡಳು. ಆ ಮಾತನ್ನು ಕೇಳಿಸಿಕೊಂಡು ಅವಳು ಬಡಿಸಿದ್ದನ್ನು ಉಂಡೆ. ಉಂಡೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಊರಿಗೆ ಬಂದ ಮೇಲೆ ಕೆಲಸಕ್ಕೆ ಹೋದೆ. ಯಾರ ಮನೆಯ ಬಾಗಿಲಲ್ಲಿ ನಿಂತರೂ "ಮೀನಿನ ತೊಟ್ಟಿ ಇದೆಯಾ" ಎಂದು ಕೇಳಲು ನಾಲಿಗೆ ಹೊರಳುತ್ತಿರಲಿಲ್ಲ. ಯಾರದೋ ಮನೆಯ ಎರಡು ಗೋಲ್ಡ್‌ಫಿಶ್ಶಿಗೆ ಪ್ಲಾಸ್ಟಿಕ್ ಹೊದಿಸಿ ಟೇಪು ಅಂಟಿಸುವವನಿಗೆ ಒಡಹುಟ್ಟಿದವಳ ಹುಳು ನೆನಪಾಗಲಿಲ್ಲ. ಮುದಿ ನಾಯಿಯೊಂದಕ್ಕೆ ಮಾತ್ರೆ ನುಂಗಿಸುವಾಗ ಅದು ಖಾಲಿ ತುಣುಕು ನುಂಗಿ ನನ್ನ ಮುಖ ನೋಡಿ ಬಾಲ ಆಡಿಸಿತು. ಮೂರನೆಯ ತುಣುಕು ಕೊಡಲು ಕೈ ಬರಲಿಲ್ಲ. ಅವತ್ತು ಮಾತ್ರೆಯನ್ನು ಅದರ ಯಜಮಾನಿಯ ಕೈಗೇ ಕೊಟ್ಟು ಬಂದೆ.

ಹರಿತಾ ಎರಡು ಸಲ ಕೇಳಿದಳು. "ಅಪ್ಪ, ನಿನ್ನ ಕೆಂಪಂಚಿನ ಟವೆಲ್ ಎಲ್ಲಿ?" ಎರಡು ಸಲವೂ ರೇಗಿದೆ. ಮೂರನೆಯ ಸಲ ಅವಳು ಕೇಳಲಿಲ್ಲ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಕೋನಪ್ಪ ನಮ್ಮ ಮನೆ ಹುಡುಕಿಕೊಂಡು ಬಂದ. ಜಗಳಕ್ಕೇ ಬಂದ ಅಂದುಕೊಂಡೆ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿ ಬೀದಿಯಲ್ಲೇ ಬಿಟ್ಟು, ಕುರ್ಚಿ ತೋರಿಸಿದರೂ ಕೂರದೆ, ಕೈಚೀಲದಿಂದ ನಾಲ್ಕು ಟೊಮೆಟೊ ತೆಗೆದು ನೆಲದ ಮೇಲಿಟ್ಟ. ಪ್ರತಿಯೊಂದರಲ್ಲೂ ಹುಳು ಕೊರೆದ ತೂತು.

"ವೇಣಣ್ಣ, ಅವತ್ತಿಂದ ನಾನು ಔಷಧಿ ಹೊಡೆದಿಲ್ಲ. ಪಂಪು ತೊಳೆದು ಅಟ್ಟಕ್ಕೆ ಹಾಕ್ಬಿಟ್ಟೆ. ತೋಟ ಎಲ್ಲಾ ಹಿಂಗೇ ಆಗೋಗದೆ. ಹೋದ್ರೆ ಹೋಗ್ಲಿ," ಅಂದ. ಆಮೇಲೆ ತಗ್ಗಿದ ದನಿಯಲ್ಲಿ, "ಆಯಮ್ಮ ಮತ್ತೆ ಮೊಟ್ಟೆ ತರ್ತಾಳಂತೆ. ಅವಳ ಹುಳಕ್ಕೆ ಏನೂ ಆಗದಂಥ ಔಷಧಿ ಯಾವ್ದಾದ್ರೂ ಇದ್ರೆ ಹೇಳು. ಇಲ್ಲಾಂದ್ರೆ ಈ ವರ್ಷ ಹಂಗೇ ಬಿಟ್ಬಿಡ್ತೀನಿ. ಇನ್ನೊಂದ್ಸಲ ಆ ಪಾಪ ನಂಗೆ ಬೇಡ," ಅಂದ.

"ಗಾಳಿ ಪಡುವಲಿಂದ ಇತ್ತು ಅಂದ್ಯಲ್ಲ ಕೋನಪ್ಪ," ಅಂದೆ.

"ನಂಗೆ ಹಂಗೇ ಅನ್ಸಿತ್ತು. ಆದ್ರೆ ನೀನು ಹೇಳಿದ್ಮೇಲೆ ಮುಗೀತಲ್ಲ. ನಿಂಗೆ ಗೊತ್ತಿಲ್ಲದ್ದು ನಂಗೇನು ಗೊತ್ತು?"

ಅಡಿಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ಹರಿತಾ ನಿಂತಿದ್ದಳು. ಅವಳು ಟೊಮೆಟೊ ನೋಡಿದಳು, ಕೋನಪ್ಪನನ್ನು ನೋಡಿದಳು, ಆಮೇಲೆ ನನ್ನ ಬರಿ ಹೆಗಲನ್ನು ನೋಡಿದಳು. ಜಾಣೆ ಹುಡುಗಿ. ಕಾಫಿ ಇಟ್ಟು ಒಳಗೆ ಹೋದಳು. ನನಗೆ ಅಲ್ಲಿ ಕೂರಲಾಗಲಿಲ್ಲ. ಮಂಚದ ಕೆಳಗಿನ ಚೀಲ ಎಳೆದು ಹೆಗಲಿಗೆ ಹಾಕಿಕೊಂಡು, "ನಡಿ, ಮೇಲೂರಿಗೆ ಹೋಗಣ. ಅಲ್ಲೇ ಹೇಳ್ತೀನಿ," ಅಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಅವನು ನನಗೆ ಬಿಟ್ಟುಕೊಟ್ಟ.

ಮುನಿಲಕ್ಷ್ಮಿ ಹೊಸ ಬೆಳೆಗೆಂದು ಹುಳು ಮನೆ ತೊಳೆದು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಆವಲಪ್ಪ ಕುಂಟುತ್ತ ಪಡಸಾಲೆಗೆ ಬಂದವನು ಕೋನಪ್ಪನನ್ನು ಕಂಡು ಮುಖ ತಿರುಗಿಸಿದ. ನಾನು ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು ಚೀಲದ ತಳದಿಂದ ಟವೆಲ್ ತೆಗೆದೆ. ಹದಿನಾಲ್ಕು ದಿನ ಮಡಚಿಟ್ಟು ಮುಗ್ಗಲು ಹಿಡಿದಿತ್ತು. ಸೀಸರ್ ಎಂಬ ನಾಯಿಯಿಂದ ಹಿಡಿದು ಮಂಕರಿಯ ಮೇಲೆ ಹೊದಿಸಿದ್ದರವರೆಗೆ ಎಲ್ಲ ಹೇಳಿದೆ. ಮೂಸಿ ನೋಡಿದ್ದನ್ನೂ ಹೇಳಿದೆ, ಬಚ್ಚಿಟ್ಟದ್ದನ್ನೂ ಹೇಳಿದೆ. ಗಾಳಿಯ ಮಾತು ಬೇಕೆಂದೇ ಆಡಿದ್ದು ಎಂದೂ ಹೇಳಿದೆ.

ಆವಲಪ್ಪ ಬಾಯಿಗೆ ಬಂದದ್ದು ಅಂದ. ಅನ್ನಲಿ. ಮುನಿಲಕ್ಷ್ಮಿ ಸುಣ್ಣದ ಕೈಯಲ್ಲೇ ಅಂಗಳಕ್ಕೆ ಬಂದಳು.

"ಅವತ್ತೇ ಹೇಳಿದ್ರೆ ಹುಳು ಉಳೀತಿತ್ತಾ ಅಣ್ಣ?"

"ಇಲ್ಲಮ್ಮ."

"ನಾನು ನಿನ್ನ ಮನೆಯಿಂದ ಆಚೆಗೆ ಹಾಕ್ತಿದ್ನಾ?"

"ಇಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ, ಬಾಗಿಲಲ್ಲಿ ನಿಂತು ನನ್ನ ಬಾಯಿ ನೋಡುತ್ತಿದ್ದ ಆ ನಾಲ್ಕೈದು ಜನ. ಅದನ್ನು ಹೇಳಲು ಬಾಯಿ ಬರಲಿಲ್ಲ. ಅವಳು ನನ್ನ ಕೈಯಿಂದ ಟವೆಲ್ ತೆಗೆದುಕೊಳ್ಳಲಿಲ್ಲ. ಕೋನಪ್ಪನ ಕಡೆ ತಿರುಗಿ, "ಕೋನಪ್ಪಣ್ಣ, ಕೂತ್ಕೋ," ಎಂದು ಚಾಪೆ ಹಾಸಿದಳು. ಹದಿನಾಲ್ಕು ದಿನದಲ್ಲಿ ಅವನೊಂದಿಗೆ ಅವಳು ಆಡಿದ ಮೊದಲ ಮಾತಿರಬೇಕು.

ಅವನು ಕೂರಲಿಲ್ಲ. ಏನೂ ತಿಳಿಯದವನಂತೆ ಟವೆಲ್ಲನ್ನೂ ನನ್ನನ್ನೂ ನೋಡುತ್ತ ನಿಂತಿದ್ದ. ಈಗ ಬೈಯುತ್ತಾನೆ, ಕುತ್ತಿಗೆ ಪಟ್ಟಿ ಹಿಡಿಯುತ್ತಾನೆ ಎಂದು ನಾನು ಕಾದೆ. ಹಿಡಿಯಲಿ ಎಂದು ಆಸೆಪಟ್ಟೆ.

"ಹಂಗಾದ್ರೆ ನಾನಲ್ವಾ ವೇಣಣ್ಣ?" ಅಂದ.

"ನೀನಲ್ಲ ಕೋನಪ್ಪ."

"ನಾನಲ್ವಾ?" ಎಂದು ಮತ್ತೆ ಕೇಳಿದ. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಬಂದು, ಟವೆಲ್ ಹಿಡಿದ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ನಾನೇ ಅವನಿಗೆ ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ, "ಬಂದು ಹೇಳಿದ್ಯಲ್ಲಣ್ಣ, ಸಾಕು," ಅಂದ.